ಸ್ಕಾರ್ಬರೋದ ಪತ್ರೊಡೆಗೆ ಉಡುಪಿಯ ಅಳತೆ

ಅಕ್ಕನ ಮಗಳು ಇರುವುದು ಕೆನಡಾದ ಟೊರೊಂಟೊದಲ್ಲಿ, ಸ್ಕಾರ್ಬರೋ ಎಂಬ ಕಡೆ. ಅವಳ ಮೊದಲ ಪತ್ರೊಡೆ ವಿಡಿಯೊ ಬಂದದ್ದು ಆಟಿ ತಿಂಗಳಲ್ಲಿ. ಉಡುಪಿಯಲ್ಲಿ ಮಳೆ ಹೊಯ್ಯುತ್ತಿತ್ತು, ಅಲ್ಲಿ ಬೇಸಿಗೆಯ ಬಿಸಿಲು. ಕೆರಿಬಿಯನ್ ಅಂಗಡಿಯೊಂದರಲ್ಲಿ ಕೆಸುವಿನ ಎಲೆ ಕಂಡಳು, ಮನೆ ನೆನಪಾಯಿತು, ತಂದಳು, ಮಾಡಿದಳು, ಮೊಬೈಲು ಇಟ್ಟು ಚಿತ್ರೀಕರಿಸಿದಳು. ಯಾರಿಗೂ ಕಲಿಸುವ ಉದ್ದೇಶ ಇರಲಿಲ್ಲ. ಹಾಗಾಗಿ ಅಳತೆಯೂ ಇರಲಿಲ್ಲ. 'ಅಮ್ಮ ಹಾಕುವಷ್ಟು ಹುಳಿ, ಅಮ್ಮ ಹಾಕುವಷ್ಟು ಬೆಲ್ಲ' ಎಂದು ಹೇಳಿ ಮುಂದೆ ಹೋಗಿದ್ದಳು.

ನೋಡಿದವರು ಸುಮ್ಮನೆ ನೋಡಿ ಬಿಡಲಿಲ್ಲ, ಮಾಡಿದರು. ಮಾಡಿದವರಲ್ಲಿ ಹಲವರಿಗೆ ಗಂಟಲು ತುರಿಸಿತು. ಬಹರೈನಿನಲ್ಲಿರುವ ಕುಂದಾಪುರದವರೊಬ್ಬರು, ಅವಳದೇ ಊರಿನಲ್ಲಿ ನರ್ಸ್ ಆಗಿರುವ ಫಿಲಿಪೀನ್ಸಿನ ಹೆಂಗಸು, ಇಂಗ್ಲೆಂಡಿನ ಲೆಸ್ಟರಿನಲ್ಲಿರುವ ಗುಜರಾತಿ ಅಜ್ಜಿ, ಹೀಗೆ ಪರಸ್ಪರ ಗುರುತಿಲ್ಲದವರೆಲ್ಲ ಒಂದೇ ದೂರು ಬರೆದರು. ಹುಡುಗಿ ಹೆದರಿ ಫೋನು ಮಾಡಿದಳು.

"ಚಿಕ್ಕಮ್ಮ, ನಾನು ತಿಂದದ್ದಕ್ಕೆ ಎಂತದೂ ಆಗಲಿಲ್ಲ. ಅವರಿಗೆಲ್ಲ ತುರಿಸಿದೆ. ಹುಳಿ ಕಮ್ಮಿ ಆದದ್ದಾ?"

"ಹುಳಿ ಎಷ್ಟು ಹಾಕಿದ್ದು ನೀನು?"

"ಕೈಯಂದಾಜು."

ಅಲ್ಲಿಂದ ತಕ್ಕಡಿಯ ಕೆಲಸ ನನ್ನ ಪಾಲಿಗೆ ಬಂತು. ಅವಳು ಅಲ್ಲಿ ಮಾಡಿದ್ದನ್ನು ಇಲ್ಲಿ ಅಳೆದು ನೋಡುವುದು, ಇಲ್ಲಿಯ ಅಳತೆಯನ್ನು ಅಲ್ಲಿಯ ಅಡುಗೆಮನೆಗೆ ಹೊಂದಿಸುವುದು. ಆ ಕೆಲಸದಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹುಳಿಯ ಮಾತು, ಎಲ್ಲರೂ ಬೆರಳು ತೋರಿಸುವುದು ಅದರ ಕಡೆಗೇ. 'ನಿಂಬೆ ಗಾತ್ರದ ಹುಣಸೆ' ಎನ್ನುವುದು ನಮ್ಮಲ್ಲಿ ರೂಢಿ. ಅವಳು ಒಂದು ಒಳ್ಳೆಯ ಉಪಾಯ ಮಾಡಿದಳು. ನೋಡುವವರಿಗೆಲ್ಲ, ನಿಮ್ಮ ನಿಮ್ಮ ಅಮ್ಮನ ಹತ್ತಿರ, ಅತ್ತೆಯ ಹತ್ತಿರ ಪತ್ರೊಡೆಗೆ ಬೇಕಾದಷ್ಟು ಹುಣಸೆ ಉಂಡೆ ಮಾಡಿಸಿ, ತೂಗಿ ಕಳಿಸಿ ಎಂದಳು. ಕಾರ್ಕಳ, ಬಂಟ್ವಾಳ, ಬ್ರಹ್ಮಾವರದ ಕಡೆಯಿಂದ ತೂಕಗಳು ಬಂದವು. ಒಂದು ಉಂಡೆ 28 ಗ್ರಾಂ, ಇನ್ನೊಂದು 70. ಎರಡೂ ಮನೆಗಳಲ್ಲಿ ಅದರ ಹೆಸರು ನಿಂಬೆ ಗಾತ್ರವೇ! ಈ ತೂಗಾಟದಿಂದ ಒಂದು ಹೊಸದು ಶುರುವಾಯಿತು. ದುಬೈ, ಡಬ್ಲಿನ್, ಟೊರೊಂಟೊದ ಮಕ್ಕಳ ಜೊತೆ ಇಲ್ಲಿಯ ತಾಯಂದಿರೂ ಬಂದು ಸೇರಿಕೊಂಡರು. ಮನೆಯ ಕುಡ್ತೆಗೆ ಎಷ್ಟು ಅಕ್ಕಿ ಹಿಡಿಯುತ್ತದೆ, ಅವರ ಸೌಟಿನಲ್ಲಿ ಎಷ್ಟು ಹಿಟ್ಟು ಬರುತ್ತದೆ ಎಂದು ತೂಗಿ ಹೇಳತೊಡಗಿದರು.

ಅಕ್ಕನ ಮನೆಯ ಕುಡ್ತೆಯಲ್ಲಿ ಬೆಳ್ತಿಗೆ ಅಕ್ಕಿ 200 ಗ್ರಾಂ ತೂಗಿತು. ಅವಳು ಮಾಡುವುದು ಎರಡು ಕುಡ್ತೆಯ ಲೆಕ್ಕದಲ್ಲಿ. ಹಾಗಾಗಿ ನಾವು ನಿಲ್ಲಿಸಿದ ಅಳತೆ ಇದು: ಅಕ್ಕಿ 400 ಗ್ರಾಂ, ತೆಂಗಿನ ತುರಿ 100 ಗ್ರಾಂ, ಬ್ಯಾಡಗಿ ಮೆಣಸು 12, ಕೊತ್ತಂಬರಿ 2 ದೊಡ್ಡ ಚಮಚ, ಜೀರಿಗೆ 1 ಸಣ್ಣ ಚಮಚ, ಹುಣಸೆ 50 ಗ್ರಾಂ, ಬೆಲ್ಲ 60 ಗ್ರಾಂ, ಉಪ್ಪು 15 ಗ್ರಾಂ, ಅರಸಿನ ಅರ್ಧ ಸಣ್ಣ ಚಮಚ, ಸ್ವಲ್ಪ ಇಂಗು. ಇದು ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾದ 20 ಎಲೆಗೆ ಸಾಕು.

ಅಂಗಡಿಯ ಹುಣಸೆಯಲ್ಲಿ ವ್ಯತ್ಯಾಸ ಉಂಟು. ಅಲ್ಲಿ ಸಿಗುವ ಕಪ್ಪು ಹುಣಸೆ ರಸದ ಡಬ್ಬಿ ಬತ್ತಿಸಿದ್ದು, ಒಂದು ಚಮಚವೇ ಜೋರು. ಥಾಯ್ಲೆಂಡಿನ ಸಿಹಿ ಹುಣಸೆ ಎಂದು ಬರುವ ಕಾಯಿಯಲ್ಲಿ ಹುಳಿ ಬಹಳ ಕಮ್ಮಿ. ಅಚ್ಚಿನಂತೆ ಒತ್ತಿದ, ಬೀಜ ತೆಗೆದ ಹುಣಸೆಯೇ ನಮ್ಮ ಮನೆಯದಕ್ಕೆ ಹತ್ತಿರ. 50 ಗ್ರಾಂ ಎಂದದ್ದು ಅದರ ಲೆಕ್ಕ.

ಇಷ್ಟೆಲ್ಲ ಸರಿ ಮಾಡಿ, ಹುಳಿ ಕಮ್ಮಿ ಇದ್ದವರಿಗೆ ಮಾತ್ರ ತುರಿಸಿದ್ದಾ ಎಂದು ಕೇಳಿ ನೋಡಿದರೆ, ಹಾಗಿರಲಿಲ್ಲ. 70 ಗ್ರಾಂ ಹಾಕಿದ ಮನೆಯಲ್ಲೂ ತುರಿಸಿತ್ತು.

ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಕಟ್ಟುಕಟ್ಟಾಗಿ ಇರುತ್ತವೆ. ಜಗಿದಾಗ ನಾಲಗೆಗೆ, ಗಂಟಲಿಗೆ ಚುಚ್ಚುತ್ತವೆ. ಆ ಸೂಜಿಗಳೊಂದಿಗೆ ಇರುವ ಒಂದು ಪ್ರೋಟೀನು ತುರಿಕೆಯನ್ನು ಹೆಚ್ಚಿಸುತ್ತದೆ ಎಂಬುದು ಸಂಶೋಧಕರ ಅಭಿಪ್ರಾಯ. ಹುಣಸೆಯ ಹುಳಿಗೆ ಈ ಸೂಜಿಯನ್ನು ಪೂರ್ತಿ ಕರಗಿಸುವ ಶಕ್ತಿ ಇಲ್ಲ. ಹುಳಿ ಸಹಾಯ ಮಾಡುತ್ತದೆ, ರುಚಿಗೂ ಬೇಕು, ಆದರೆ ಬೇಯದ ಎಲೆಯನ್ನು ಹುಳಿ ಕಾಪಾಡುವುದಿಲ್ಲ. ಕೆಲಸ ಮಾಡುವುದು ಹಬೆ, ಅದೂ ಹೊತ್ತು ತೆಗೆದುಕೊಂಡು.

ಆಗ ಅವಳ ವಿಡಿಯೊವನ್ನು ಇನ್ನೊಮ್ಮೆ ನಿಧಾನಕ್ಕೆ ನೋಡಿದೆ. ಎಲೆಯ ಮೇಲೆ ಎಲೆ ಇಟ್ಟು ಒಂಬತ್ತು ಎಲೆಯ ಒಂದೇ ಸುರುಳಿ ಮಾಡಿದ್ದಾಳೆ. ವಿಡಿಯೊದಲ್ಲಿ ಅಂಥ ದಪ್ಪ ಸುರುಳಿ ಚಂದ ಕಾಣುತ್ತದೆ, ಕತ್ತರಿಸಿದರೆ ಸುತ್ತುಗಳು ಎದ್ದು ತೋರುತ್ತವೆ. ಕುಕ್ಕರಿನಲ್ಲಿ ವೆಯ್ಟ್ ಹಾಕದೆ 25 ನಿಮಿಷ ಬೇಯಿಸಿದ್ದಾಳೆ. ಆಮೇಲೆ ತೆಳ್ಳಗೆ ಬಿಲ್ಲೆ ಮಾಡಿ ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಕಾಯಿಸಿದ್ದಾಳೆ. ಅವಳಿಗೆ ಯಾಕೆ ತುರಿಸಲಿಲ್ಲ ಎನ್ನುವುದಕ್ಕೆ ಉತ್ತರ ಅಲ್ಲೇ ಇತ್ತು. ಹಬೆಯಲ್ಲಿ ಬೇಯದೆ ಉಳಿದ ನಡುಭಾಗ ಕಾವಲಿಯ ಮೇಲೆ ಬೆಂದಿತ್ತು. ಉಳಿದವರಲ್ಲಿ ಎಷ್ಟೋ ಜನ ದಪ್ಪ ತುಂಡು ಮಾಡಿ, ಮೇಲೆ ತೆಂಗಿನೆಣ್ಣೆ ಹನಿಸಿ ಹಾಗೆಯೇ ತಿಂದಿದ್ದರು.

ಶಾಖ ಒಳಗೆ ಹೋಗುವುದು ನಾವು ಅಂದುಕೊಂಡಷ್ಟು ಬೇಗ ಅಲ್ಲ. ಅಕ್ಕಿ ಹಿಟ್ಟಿನ ಗಟ್ಟಿ ಸುರುಳಿಯಲ್ಲಿ ದಪ್ಪ ಎರಡರಷ್ಟಾದರೆ, ನಡುವಿಗೆ ಶಾಖ ಮುಟ್ಟಲು ಹೆಚ್ಚುಕಮ್ಮಿ ನಾಲ್ಕರಷ್ಟು ಹೊತ್ತು ಬೇಕು. 5 ಸೆಂಟಿಮೀಟರ್ ದಪ್ಪದ ಸುರುಳಿಯ ನಡು 90 ಡಿಗ್ರಿ ದಾಟಲು ಅರ್ಧ ಗಂಟೆಗೂ ಮೇಲೆ ಹಿಡಿಯುತ್ತದೆ. 7 ಸೆಂಟಿಮೀಟರ್ ಆದರೆ ಒಂದು ಗಂಟೆ ಮೀರುತ್ತದೆ. ಅವಳ ಒಂಬತ್ತು ಎಲೆಯ ಸುರುಳಿ 25 ನಿಮಿಷದಲ್ಲಿ ಹೊರಗೆ ಗಟ್ಟಿಯಾಗಿ, ಕೈಗೆ ಬೆಂದಂತೆಯೇ ತೋರಿರಬೇಕು. ಒಳಗಿನ ಕತೆ ಬೇರೆ.

ಆದ್ದರಿಂದ ಎರಡನೆಯ ವಿಡಿಯೊದಲ್ಲಿ ಬದಲಾದದ್ದು ಮುಖ್ಯವಾಗಿ ಒಂದೇ: 20 ಎಲೆಯನ್ನು ಐದೈದರಂತೆ ನಾಲ್ಕು ಸುರುಳಿ ಮಾಡಿ, 55 ನಿಮಿಷ ಹಬೆ. ಹೊತ್ತು ಲೆಕ್ಕ ಹಾಕುವುದು ನೀರು ಕುದಿದು ಹಬೆ ಜೋರಾಗಿ ಬರುವಾಗ ಸುರುಳಿ ಇಟ್ಟ ಮೇಲೆ. ತಣ್ಣೀರಿನಲ್ಲೇ ಇಟ್ಟು ಒಲೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ತೊಂದೂರು ಇಲ್ಲದವರು ಇಡ್ಲಿ ಪಾತ್ರೆಯಲ್ಲಿ, ಅದೂ ಇಲ್ಲದಿದ್ದರೆ ದೊಡ್ಡ ಪಾತ್ರೆಯೊಳಗೆ ತೂತಿನ ತಟ್ಟೆ ಇಟ್ಟು ಮಾಡಬಹುದು. ಅರ್ಧ ಗಂಟೆ ಕಳೆದ ಮೇಲೆ ನೀರು ಎಷ್ಟಿದೆ ನೋಡಬೇಕು, ಬೇಕಾದರೆ ಕುದಿಯುವ ನೀರನ್ನೇ ಸೇರಿಸಬೇಕು. ಹೊತ್ತು ಹೆಚ್ಚಾಯಿತೆಂದು ಪತ್ರೊಡೆ ಹಾಳಾಗುವುದಿಲ್ಲ, ಅನುಮಾನ ಇದ್ದರೆ ಇನ್ನೂ ಹತ್ತು ನಿಮಿಷ ಬಿಡಿ.

ಬೆಂದದ್ದನ್ನು ಗುರುತಿಸಲು ಚಾಕು ಚುಚ್ಚಿ ನೋಡುವುದು ನಂಬುವಂಥದ್ದಲ್ಲ. ಹಿಟ್ಟು ಎಲೆಗಿಂತ ಮೊದಲೇ ಗಟ್ಟಿಯಾಗುವುದರಿಂದ ಚಾಕು ಸ್ವಚ್ಛವಾಗಿ ಹೊರಗೆ ಬರುತ್ತದೆ. ನೋಡಬೇಕಾದ್ದು ಬಣ್ಣ. ಒಂದು ಸುರುಳಿಯನ್ನು ಸರಿ ನಡುವಿಗೆ ಕತ್ತರಿಸಿ, ಒಳಗಿನ ಸುತ್ತಿನ ಎಲೆ ನೋಡಿ. ಹುಳಿ ಮತ್ತು ಶಾಖ ಎರಡೂ ಸೇರಿದಾಗ ಎಲೆಯ ಹಸಿರು ಹೋಗಿ ಕಂದು ಮಿಶ್ರಿತ ಮಂಕು ಬಣ್ಣ ಬರುತ್ತದೆ. ಹೊರಗಿನ ಸುತ್ತು ಮಂಕಾಗಿ ನಡುವಿನದ್ದು ಇನ್ನೂ ಹೊಳೆಯುವ ಹಸಿರಾಗಿದ್ದರೆ ಅದು ಬೆಂದಿಲ್ಲ. ಮತ್ತೆ ಹಬೆಗೆ ಇಡಿ. ಈ ಒಂದು ಗುರುತನ್ನು ಅವಳು ಹತ್ತಿರದಿಂದ, ಬೆಳಕಿನಲ್ಲಿ, ಬೆಂದದ್ದು ಬೇಯದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದಾಳೆ. ನನಗೆ ಕೇಳಿದರೆ ಅವಳ ವಿಡಿಯೊಗಳಲ್ಲಿ ಉಪಯೋಗಕ್ಕೆ ಬಿದ್ದ ಅರ್ಧ ನಿಮಿಷ ಅದು.

ಹಿಟ್ಟಿನ ಹದದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಅಕ್ಕಿ ಮೂರು ನಾಲ್ಕು ಗಂಟೆ ನೆನೆದಿರಬೇಕು, ನೀರು ಪೂರ್ತಿ ಬಸಿದಿರಬೇಕು. ಮೊದಲು ಮಸಾಲೆಯನ್ನು ನುಣ್ಣಗೆ ಕಡೆದು, ಆಮೇಲೆ ಅಕ್ಕಿ ಹಾಕಿ ಸಣ್ಣ ರವೆಯಷ್ಟು ತರಿ ಉಳಿಯುವಂತೆ ಕಡೆಯಬೇಕು. ಮಿಕ್ಸಿ ತಿರುಗಲಿ ಎಂದು ನೀರು ಸುರಿಯುವುದೇ ಎಲ್ಲರೂ ಎಡವುವ ಜಾಗ. ಹಿಟ್ಟು ನೀರಾದರೆ ಸುತ್ತುವಾಗ ಬದಿಯಿಂದ ಹೊರಗೆ ಬರುತ್ತದೆ, ಎಲೆಗಳ ನಡುವೆ ಹಿಟ್ಟು ಉಳಿಯುವುದಿಲ್ಲ. ಫ್ರೀಜರಿನ ತೆಂಗಿನ ತುರಿ ಬಳಸುವವರು ಅದನ್ನು ಕರಗಿಸಿ ಆ ನೀರಿನಲ್ಲೇ ಕಡೆದರೆ ಬೇರೆ ನೀರು ಹೆಚ್ಚು ಬೇಕಾಗದು. ಎಲೆಯ ಬೆನ್ನು ಮೇಲೆ ಮಾಡಿ ಇಡಬೇಕು, ದಪ್ಪ ನರವನ್ನು ಚಾಕುವಿನಿಂದ ಕೆತ್ತಿ ಚಪ್ಪಟೆ ಮಾಡಬೇಕು. ಎಲೆಗೆ ಕೈ ಹಾಕುವ ಮೊದಲು ಅಂಗೈಗೆ ತೆಂಗಿನೆಣ್ಣೆ ಸವರಿಕೊಳ್ಳುವುದು ಊರಿನ ಅಭ್ಯಾಸ, ಬಿಡಬೇಡಿ. ಬೆಂದ ಸುರುಳಿ ಪೂರ್ತಿ ತಣಿಯದೆ ಕತ್ತರಿಸಿದರೆ ಪುಡಿಯಾಗುತ್ತದೆ.

ಇನ್ನು ಎಲೆ. ಇಲ್ಲಿ ಈ ಹುಡುಗಿ ಎಣಿಸದ ಜನ ಬಂದು ಸೇರಿದರು.

ತುರಿಕೆಯ ದೂರು ಬರೆದ ಫಿಲಿಪೀನ್ಸಿನ ನರ್ಸ್ ಅದಕ್ಕೆ ಮೊದಲು ಪತ್ರೊಡೆ ತಿಂದವರಲ್ಲ. ಅವರ ಊರಿನಲ್ಲಿ ಇದೇ ಎಲೆಯನ್ನು ಒಣಗಿಸಿ, ತೆಂಗಿನ ಹಾಲಿನಲ್ಲಿ ಮೆಣಸು ಹಾಕಿ ಬೇಯಿಸುತ್ತಾರೆ, ಲಾಯಿಂಗ್ ಎನ್ನುತ್ತಾರೆ. ಎಲೆ ಬೇಯುವ ತನಕ ಸೌಟು ಹಾಕಿ ಕಲಕಬಾರದು, ಕಲಕಿದರೆ ತುರಿಸುತ್ತದೆ ಎಂಬುದು ಅವರ ಅಜ್ಜಿಯ ಕಾಲದ ಮಾತು. ನಮ್ಮಲ್ಲಿ ಕೆಸುವಿನ ಎಲೆಯ ಚಟ್ನಿ ಮಾಡುವಾಗಲೂ ಎಲೆ ಚೆನ್ನಾಗಿ ಬೆಂದ ಮೇಲೆಯೇ ಕಡೆಯುವುದು. ತರ್ಕ ಒಂದೇ, ಹಸಿ ಎಲೆಯನ್ನು ಒಡೆಯಬಾರದು. ಒಣಗಿದ ಎಲೆಯ ಪ್ಯಾಕೆಟ್ಟು ಅಲ್ಲಿ ವರ್ಷವಿಡೀ ಸಿಗುತ್ತದೆ ಎಂದು ತಿಳಿದದ್ದು ಅವರಿಂದ. ಸುರುಳಿಗೆ ಅದು ಆಗದು, ಚೂರಾಗಿರುತ್ತದೆ. ಆದರೆ ನಮ್ಮಲ್ಲೇ ಎಲೆಯನ್ನು ಸಣ್ಣಗೆ ಕೊಚ್ಚಿ ಹಿಟ್ಟಿಗೆ ಬೆರೆಸಿ, ಬಾಳೆಲೆಯಲ್ಲಿ ಕಟ್ಟಿ ಬೇಯಿಸುವ ಕ್ರಮ ಉಂಟಲ್ಲ. ಒಣ ಎಲೆ ಅದಕ್ಕೆ ಒಗ್ಗಿತು. ಫ್ರೀಜರಿನ ಎಲೆಯೂ ಅಷ್ಟೇ, ಕರಗಿದ ಮೇಲೆ ಹರಿಯುವುದರಿಂದ ಕೊಚ್ಚಿ ಹಾಕುವುದೇ ಸರಿ. ಕಟ್ಟು ಅಂಗೈ ದಪ್ಪ ಮೀರದಂತೆ ಚಪ್ಪಟೆಯಾಗಿ ಕಟ್ಟಿ, ಹೊತ್ತು ಮಾತ್ರ ಕಮ್ಮಿ ಮಾಡಬೇಡಿ.

ಟ್ರಿನಿಡಾಡಿನ ಹಿರಿಯರೊಬ್ಬರು ಬರೆದದ್ದು ಇನ್ನೂ ಸೋಜಿಗ. ಅವರ ಮನೆಯಲ್ಲಿ ಕೆಸುವಿನ ಎಲೆಗೆ ಬೇಳೆ ಹಿಟ್ಟು ಬಳಿದು, ಸುತ್ತಿ, ಕತ್ತರಿಸಿ ಎಣ್ಣೆಯಲ್ಲಿ ಕರಿಯುತ್ತಾರೆ, ಹೆಸರು ಸಹೀನಾ. 1845ರಿಂದ 1917ರ ತನಕ ಕಬ್ಬಿನ ತೋಟಗಳ ಕೂಲಿಗೆಂದು ಹಡಗಿನಲ್ಲಿ ಟ್ರಿನಿಡಾಡಿಗೆ ಹೋದ ಭಾರತೀಯರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಅವರ ಜೊತೆಗೆ ಹೋದ ಅಡುಗೆ ಅದು. ಹುಡುಗಿ ಎಲೆ ಕೊಂಡದ್ದು ಕೆರಿಬಿಯನ್ ಅಂಗಡಿಯಲ್ಲಿ ಎಂದೆನಲ್ಲ, ಆ ಅಂಗಡಿಗೆ ಎಲೆ ಬರುವುದೇ ಇಂಥ ಮನೆಗಳಿಗಾಗಿ. ಡಶೀನ್ ಎಂದು ಕೇಳಬೇಕು, ಅಂಗಡಿಗೆ ಹೊಸ ಎಲೆ ಯಾವ ದಿನ ಬರುತ್ತದೆ ಕೇಳಿಟ್ಟುಕೊಳ್ಳಬೇಕು, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಅಂಚು ಕಪ್ಪಾದದ್ದನ್ನು ಬಿಡಬೇಕು ಎಂದೆಲ್ಲ ಹೇಳಿಕೊಟ್ಟವರು ಅವರೇ. ಲೆಸ್ಟರಿನ ಅಜ್ಜಿಯ ಪಾತ್ರಾದಲ್ಲಿ ಅಕ್ಕಿಯ ಬದಲು ಕಡಲೆ ಹಿಟ್ಟು. ಹಿಟ್ಟು ಬಳಿಯುವ ಮೊದಲು ಎಲೆಯ ಮೇಲೆ ಲಟ್ಟಣಿಗೆ ಉರುಳಿಸಿ ನರ ಒತ್ತುವುದು ಅವರದ್ದು. ಈಗ ಹುಡುಗಿಯೂ ಹಾಗೇ ಮಾಡುತ್ತಾಳೆ.

ಒಂದು ಪ್ರಸಂಗ ಮಾತ್ರ ಹೆದರಿಸಿತು. ಒಬ್ಬರು ಗಾರ್ಡನ್ ಅಂಗಡಿಯಿಂದ ತಂದ ಅಲಂಕಾರದ ಗಿಡದ ಚಿತ್ರ ಕಳಿಸಿ, 'ಇದೇ ಅಲ್ಲವಾ ಕೆಸು, ನಾಳೆ ಮಾಡುತ್ತೇನೆ' ಎಂದು ಬರೆದಿದ್ದರು. ಎಲೆ ದೊಡ್ಡದು, ಹೃದಯದ ಆಕಾರ, ನೋಡಿದರೆ ಯಾರಾದರೂ ಮೋಸಹೋಗಬೇಕು. ಅವಳು ಚಿತ್ರವನ್ನು ನನಗೆ ಕಳಿಸಿದಳು. ದಂಟು ಎಲೆಗೆ ಸೇರುವ ಜಾಗ ನೋಡಿ ಬೇಡ ಎಂದೆ. ನಮ್ಮ ಕೆಸುವಿನಲ್ಲಿ ದಂಟು ಎಲೆಯ ಅಂಚಿನಿಂದ ಸ್ವಲ್ಪ ಒಳಗೆ, ಬೆನ್ನಿಗೆ ಬಂದು ಸೇರುತ್ತದೆ, ಎಲೆ ಕೆಳಗೆ ಬಾಗಿ ತೂಗುತ್ತದೆ. ಅಲೊಕೇಶಿಯಾ ಎಂಬ ಅಲಂಕಾರದ ಜಾತಿಯಲ್ಲಿ ಸಾಮಾನ್ಯವಾಗಿ ದಂಟು ಸೀಳಿನ ಅಂಚಿಗೇ ಸೇರಿ, ಎಲೆಯ ತುದಿ ಮೇಲೆ ನೋಡುತ್ತದೆ. ಅದರ ತುರಿಕೆ ಬಹಳ ಜೋರು. ಆದರೆ ಈ ಗುರುತನ್ನೇ ಹಿಡಿದು ತಿನ್ನಲು ಹೋಗಬೇಡಿ. ಬಲಿಯದ ಗಿಡಗಳಲ್ಲಿ ಇದು ತಪ್ಪುತ್ತದೆ, ಅಲಂಕಾರದ ಗಿಡಕ್ಕೆ ತಿನ್ನಬಾರದ ಮದ್ದು ಹೊಡೆದಿರುವುದೂ ಉಂಟು. ತರಕಾರಿ ಎಂದು ಮಾರಿದ ಎಲೆ ಮಾತ್ರ ಅಡುಗೆಗೆ.

ತಿಂದು ತುರಿಸಿದರೆ ಮೊಸರು, ಬೆಲ್ಲ ಎಂದು ಊರಿನಲ್ಲಿ ಕೊಡುತ್ತಾರೆ, ಸಣ್ಣ ತುರಿಕೆಗೆ ಅಷ್ಟು ಸಾಕಾಗುತ್ತದೆ. ತುಟಿ, ನಾಲಗೆ ಬಾತರೆ, ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಆಕ್ಸಲೇಟ್ ಹೆಚ್ಚಿರುವ ಈ ಎಲೆಯ ವಿಷಯದಲ್ಲಿ ಮೊದಲೇ ಡಾಕ್ಟರನ್ನು ಕೇಳುವುದು ಒಳ್ಳೆಯದು.

ಮರುವರ್ಷದ ಆಟಿಗೆ ಸ್ಕಾರ್ಬರೋದಲ್ಲಿ ಇವರೆಲ್ಲ ಸೇರಿ ಎಲೆಯನ್ನು ಪೆಟ್ಟಿಗೆ ಲೆಕ್ಕದಲ್ಲಿ ತರಿಸಿದರು. ಎಲೆ ಫ್ರಿಜ್ಜಿನಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ಬಾಳದು, ಒಬ್ಬಳ ಮನೆಗೆ ಒಂದು ಪೆಟ್ಟಿಗೆ ಹೆಚ್ಚು. ಹಂಚಿಕೊಂಡರೆ ಎಲ್ಲರಿಗೂ ಹೊಸತೇ ಸಿಗುತ್ತದೆ. ಹಂಚುವಾಗ ಸಣ್ಣ ಮಟ್ಟಿನ ಜಗಳವೂ ಆಯಿತಂತೆ. ಸುರುಳಿ ಮಾಡುವವರಿಗೆ ಹರಿಯದ, ಒಂದೇ ಗಾತ್ರದ ಎಲೆ ಬೇಕು. ತೆಂಗಿನ ಹಾಲಿನಲ್ಲಿ ಬೇಯಿಸುವವರಿಗೆ ಹರಿದದ್ದೂ ಆದೀತು. ಕೊನೆಗೆ ಮೊದಲ ಆಯ್ಕೆ ಪತ್ರೊಡೆ, ಪಾತ್ರಾ, ಸಹೀನಾ ಮಾಡುವವರದು, ಉಳಿದದ್ದು ಕಮ್ಮಿ ಬೆಲೆಗೆ ಲಾಯಿಂಗಿನವರಿಗೆ ಎಂದಾಯಿತು. ಸುತ್ತುವ ಮೊದಲು ಎಲೆಯನ್ನು ಒಂದು ಗಂಟೆ ಹೊರಗಿಟ್ಟು ಬಾಡಿಸಿದರೆ ಮಡಚುವಾಗ ಸೀಳುವುದಿಲ್ಲ ಎಂಬುದನ್ನು ಇಲ್ಲಿಯ ತಾಯಂದಿರು ಫೋನಿನಲ್ಲೇ ಹೇಳಿಕೊಟ್ಟರು.

ಬೇಕಾದಾಗ ಎಲೆ ಸಿಗದ ಕೊರಗು ಉಳಿದಿತ್ತು. "ಚಿಕ್ಕಮ್ಮ, ಮರಕೆಸುವಿನ ಗೆಡ್ಡೆ ಎರಡು ಪಾರ್ಸೆಲ್ ಮಾಡ್ತೀರಾ?" ಎಂದು ಕೇಳಿದಳು.

"ಬೇಡ ಮಾರಾಯ್ತಿ. ಮಣ್ಣು ಹಿಡಿದ ಗೆಡ್ಡೆಯನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಅಲ್ಲಿಯದೇ ಅಂಗಡಿಯದ್ದು ನೆಡು."

ಎಡ್ಡೋ ಎಂದು ಅಲ್ಲಿ ಮಾರುವ ಸಣ್ಣ ಗೆಡ್ಡೆ ಕೆಸುವಿನದೇ. ಮೊಳಕೆಯ ತುದಿ ಒಣಗದ, ಒತ್ತಿದರೆ ಮೆತ್ತಗಾಗದ ಗೆಡ್ಡೆ ಆರಿಸಿ, ಮಾರ್ಚಿನಲ್ಲಿ ಬಕೆಟ್ಟಿನ ಮಣ್ಣಿಗೆ ನಾಲ್ಕು ಬೆರಳು ಆಳಕ್ಕೆ ಇಟ್ಟು ಮನೆಯೊಳಗೆ ಬೆಚ್ಚಗಿನ ಕಡೆ ಬಿಡಬೇಕು. ಮೊಳಕೆ ಬರಲು ವಾರಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ನೀರು ಸುರಿದರೆ ಕೊಳೆಯುತ್ತದೆ. ಎಲೆ ಬಿಟ್ಟ ಮೇಲೆ ನೀರು ಎಷ್ಟಾದರೂ ಸರಿ. ಹಿಮದ ಭಯ ಕಳೆದು ಮೇ ಕೊನೆಗೆ ಹೊರಗೆ, ಅರೆನೆರಳಿಗೆ. ಮೊದಲ ನಾಲ್ಕೈದು ಎಲೆ ಕೊಯ್ಯಬಾರದು, ಗೆಡ್ಡೆ ಸೋಲುತ್ತದೆ. ಆಮೇಲೆ ಒಂದು ಗಿಡದಲ್ಲಿ ಯಾವಾಗಲೂ ಮೂರು ಎಲೆ ಬಿಟ್ಟು ಉಳಿದದ್ದನ್ನು ಕೊಯ್ಯಬಹುದು. ಅಕ್ಟೋಬರಿನ ಮೊದಲ ಹಿಮಕ್ಕೆ ಮುಂಚೆ ಗೆಡ್ಡೆ ಕಿತ್ತು, ಮಣ್ಣು ಕೊಡವಿ, ಕಾಗದದಲ್ಲಿ ಸುತ್ತಿ ಒಣ ಜಾಗದಲ್ಲಿ ಇಡಬೇಕು. ಫ್ರಿಜ್ಜಿನಲ್ಲಿ ಇಟ್ಟವರ ಗೆಡ್ಡೆ ಚಳಿಗೆ ಒಳಗೇ ಕಪ್ಪಾಗಿತ್ತು.

ಈಗ ಅವರೊಳಗೆ ಗೆಡ್ಡೆಯ ಲೆವಾದೇವಿ ನಡೆಯುತ್ತದೆ. ತಾಯಿ ಗೆಡ್ಡೆ ಇಟ್ಟುಕೊಂಡು ಮರಿ ಗೆಡ್ಡೆಗಳನ್ನು ಹೊಸಬರಿಗೆ ಕೊಡುವುದು, ಬದಲಿಗೆ ಆಟಿಯಲ್ಲಿ ಐದು ಎಲೆ ಕೊಡಬೇಕು, ಒಂದು ಸುರುಳಿಗೆ ಆಗುವಷ್ಟು. ಬಾಕಿ ಯಾರದ್ದೆಂದು ಬರೆದಿಡುವುದು ಟ್ರಿನಿಡಾಡಿನ ಹಿರಿಯರು. ಹುಡುಗಿಯ ಹೆಸರಿನ ಎದುರು ಹತ್ತು ಎಲೆ ಬಾಕಿ ಉಂಟು.